ಆಫರ್ ಲೆಟರನ್ನು ರಾಜೀನಾಮೆಯ ದಿನದಿಂದ ಓದಿ

ಆಫರ್ ಲೆಟರ್ ಬಂದ ದಿನ ಮನೆಮಂದಿಯೆಲ್ಲ ನೋಡುವುದು ಒಂದೇ ಸಾಲನ್ನು. ವರ್ಷಕ್ಕೆ ಇಷ್ಟು ಲಕ್ಷ. ಅಪ್ಪ ಅದನ್ನು ಮನಸ್ಸಿನಲ್ಲೇ ಹನ್ನೆರಡರಿಂದ ಭಾಗಿಸುತ್ತಾರೆ, ಅಮ್ಮ ಚಿಕ್ಕಮ್ಮನಿಗೆ ಫೋನ್ ಹಚ್ಚುತ್ತಾರೆ. ಕಂಪನಿಯವರು ಒಪ್ಪಿಗೆ ಹೇಳಲು ಕೊಡುವುದು ಎರಡೋ ಮೂರೋ ದಿನ. ಆ ಗಡಿಬಿಡಿಯಲ್ಲಿ ಎಂಟು ಪುಟದ ಪಿಡಿಎಫ್‌ನ ಉಳಿದ ಏಳು ಪುಟವನ್ನು ಯಾರೂ ಓದುವುದಿಲ್ಲ. ಓದಿದವರೂ ಸೇರುವವರ ಕಣ್ಣಿನಿಂದ ಓದುತ್ತಾರೆ. ಎಷ್ಟು ಕೊಡುತ್ತಾರೆ, ಯಾವಾಗ ಕೊಡುತ್ತಾರೆ, ಯಾವ ಊರಿನಲ್ಲಿ ಕೆಲಸ, ಇಷ್ಟೇ.

ನಾನು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಈ ಕೆಲಸ ಬಿಡುವ ದಿನ ಬಂದಿದೆ ಎಂದುಕೊಂಡು ಪತ್ರವನ್ನು ಓದಿ. ಆ ದಿನ ನನ್ನ ಕೈಗೆ ಎಷ್ಟು ಬರುತ್ತದೆ, ನನ್ನ ಕೈಯಿಂದ ಎಷ್ಟು ಹೋಗುತ್ತದೆ ಎಂದು ಲೆಕ್ಕ ಹಾಕಿ. ಪ್ರೊಬೇಷನ್, ವೇರಿಯಬಲ್ ಪೇ, ನೋಟಿಸ್ ಪೀರಿಯಡ್, ಬಾಂಡ್ ಇವೆಲ್ಲ ಪತ್ರದಲ್ಲಿ ಬೇರೆ ಬೇರೆ ಪುಟದಲ್ಲಿ, ಒಂದಕ್ಕೊಂದು ಸಂಬಂಧವೇ ಇಲ್ಲವೆಂಬಂತೆ ಕೂತಿರುತ್ತವೆ. ನಾಲ್ಕೂ ಒಟ್ಟಿಗೆ ಎದ್ದು ನಿಲ್ಲುವುದು ಬಿಡುವ ದಿನವೇ.

ಒಂದು ಪತ್ರವನ್ನೇ ಎದುರಿಗಿಟ್ಟುಕೊಳ್ಳೋಣ. ಇದು ಯಾವ ಒಂದು ಕಂಪನಿಯದೂ ಅಲ್ಲ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಪತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ಷರತ್ತುಗಳನ್ನು ಸೇರಿಸಿ ಲೆಕ್ಕಕ್ಕೆಂದು ಮಾಡಿಕೊಂಡದ್ದು. ಹಾಸನದ ಕಡೆಯ ಒಬ್ಬ ಹುಡುಗಿ ಇಂಜಿನಿಯರಿಂಗ್ ಮುಗಿಸಿದ್ದಾಳೆ, ಆಗಸ್ಟ್ 1ಕ್ಕೆ ಸೇರಬೇಕು, ಸಿಟಿಸಿ 7,20,000 ರೂಪಾಯಿ ಎಂದಿಟ್ಟುಕೊಳ್ಳಿ. ಅಪ್ಪನ ಭಾಗಾಕಾರದ ಪ್ರಕಾರ ತಿಂಗಳಿಗೆ 60,000.

ಕೊನೆಯ ಪುಟದಲ್ಲಿ ಅನೆಕ್ಷರ್ ಎಂಬ ಕೋಷ್ಟಕವಿರುತ್ತದೆ. ಅದರಲ್ಲಿ ಬೇಸಿಕ್ ತಿಂಗಳಿಗೆ 25,000, ಮನೆ ಬಾಡಿಗೆ ಭತ್ಯೆ ಮತ್ತು ಇತರ ಭತ್ಯೆ ಸೇರಿ 20,000. ಅಂದರೆ ತಿಂಗಳ ಗ್ರಾಸ್ 45,000, ವರ್ಷಕ್ಕೆ 5,40,000. ಉಳಿದ 1,80,000 ಎಲ್ಲಿದೆ? ಕಂಪನಿ ತನ್ನ ಪಾಲಿನ ಪಿಎಫ್ ಅಂತ 36,000 ಬರೆದಿದೆ. ಗ್ರಾಚುಯಿಟಿಗೆಂದು ಬೇಸಿಕ್‌ನ ಶೇ. 4.81ರ ಲೆಕ್ಕದಲ್ಲಿ 14,430. ಆರೋಗ್ಯ ವಿಮೆಗೆ 9,570. ವೇರಿಯಬಲ್ ಪೇ 72,000. ರಿಟೆನ್ಷನ್ ಬೋನಸ್ 48,000. ಕೂಡಿದರೆ ಸರಿಯಾಗಿ 7,20,000 ಆಗುತ್ತದೆ, ಒಂದು ರೂಪಾಯಿ ಸುಳ್ಳಿಲ್ಲ. ಆದರೆ ತಿಂಗಳ ಕೊನೆಗೆ ಅವಳ ಖಾತೆಗೆ ಬೀಳುವುದು 45,000ದಲ್ಲಿ ಅವಳ ಪಾಲಿನ ಪಿಎಫ್ 3,000 ಮತ್ತು ವೃತ್ತಿ ತೆರಿಗೆ 200 ಕಳೆದು 41,800. ಹೊಸ ತೆರಿಗೆ ಪದ್ಧತಿಯಲ್ಲಿ ಈ ಮಟ್ಟದ ಸಂಬಳಕ್ಕೆ ಆದಾಯ ತೆರಿಗೆ ಬರುವುದಿಲ್ಲ, ಅಷ್ಟರಮಟ್ಟಿಗೆ ವಾಸಿ.

ಪಿಎಫ್ ಹಣ ಎಲ್ಲಿಗೂ ಹೋಗುವುದಿಲ್ಲ, ಅವಳ ಹೆಸರಿನಲ್ಲೇ ಇರುತ್ತದೆ. ಗ್ರಾಚುಯಿಟಿ ಹಾಗಲ್ಲ. ಕಾಯಂ ನೌಕರರಿಗೆ ಅದು ಸಿಗುವುದು ಐದು ವರ್ಷ ಸೇವೆ ಮುಗಿದ ಮೇಲೆ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವವರ ಮಟ್ಟಿಗೆ ಈ 14,430 ಕಾಗದದ ಮೇಲಿನ ಹಣ. ಎರಡು ಆಫರ್‌ಗಳನ್ನು ಹೋಲಿಸುವಾಗ ಸಿಟಿಸಿಯನ್ನು ಪಕ್ಕಕ್ಕಿಟ್ಟು ಗ್ರಾಸ್‌ಗೆ ಗ್ರಾಸ್ ಇಟ್ಟು ನೋಡಿ ಎನ್ನುವುದು ಇದಕ್ಕೇ.

ಇನ್ನು ವೇರಿಯಬಲ್ 72,000. ಕೋಷ್ಟಕದಲ್ಲಿ ಅದರ ಪಕ್ಕ ಒಂದು ನಕ್ಷತ್ರ ಗುರುತು, ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು. ಒಂದು, ಈ ಮೊತ್ತ ಗುರಿ ಮಾತ್ರ, ಕಂಪನಿಯ ಸಾಧನೆ ಮತ್ತು ನೌಕರರ ರೇಟಿಂಗ್ ಮೇಲೆ ನಿರ್ಧಾರವಾಗುತ್ತದೆ. ಎರಡು, ಪ್ರೊಬೇಷನ್ ಮುಗಿದು ಕನ್ಫರ್ಮ್ ಆದ ದಿನದಿಂದ ಅನ್ವಯ. ಮೂರು, ಹಣಕಾಸು ವರ್ಷ ಮುಗಿದ ಮೇಲೆ ಜೂನ್ ಸಂಬಳದ ಜೊತೆ ಕೊಡಲಾಗುವುದು, ಆ ದಿನ ನೌಕರರು ಕೆಲಸದಲ್ಲಿರಬೇಕು ಮತ್ತು ನೋಟಿಸ್ ಅವಧಿಯಲ್ಲಿರಬಾರದು.

ಈ ಮೂರು ಸಾಲನ್ನು ಹುಡುಗಿಯ ಕ್ಯಾಲೆಂಡರಿಗೆ ಹಚ್ಚೋಣ. ಆಗಸ್ಟ್‌ನಲ್ಲಿ ಸೇರಿದಳು, ಆರು ತಿಂಗಳ ಪ್ರೊಬೇಷನ್, ಫೆಬ್ರವರಿ 1ಕ್ಕೆ ಕನ್ಫರ್ಮ್ ಆದಳು. ಹಣಕಾಸು ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಂದರೆ ಮೊದಲ ವರ್ಷ ಅವಳ ಲೆಕ್ಕಕ್ಕೆ ಬರುವುದು ಎರಡೇ ತಿಂಗಳು, ಗುರಿಯ ಮೊತ್ತವೇ 12,000. ಕಂಪನಿಯ ಸಾಧನೆ ಶೇ. 80 ಎಂದು ಘೋಷಣೆಯಾಯಿತು, ಅವಳ ರೇಟಿಂಗ್‌ಗೆ ಶೇ. 90 ಬಂತು ಅನ್ನಿ. ಎರಡನ್ನೂ ಕೂಡುವುದಿಲ್ಲ, ಗುಣಿಸುತ್ತಾರೆ. ಆಗ ಶೇ. 72. ಕೈಗೆ ಬಂದದ್ದು 8,640. ಶೇ. 80 ಮತ್ತು ಶೇ. 90 ಎರಡೂ ಕೇಳಲು ಒಳ್ಳೆಯ ಅಂಕಗಳೇ, ಗುಣಿಸಿದಾಗ ನಾಲ್ಕರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿರುತ್ತದೆ.

ಇಲ್ಲಿ ಪ್ರೊಬೇಷನ್ ಷರತ್ತಿನ ಒಂದು ಸಾಲು ಬಹಳ ಮುಖ್ಯ. ಬಹುತೇಕ ಪತ್ರಗಳಲ್ಲಿ ಪ್ರೊಬೇಷನ್ ಆರು ತಿಂಗಳು ಎಂದು ಬರೆದು, ಲಿಖಿತವಾಗಿ ಕನ್ಫರ್ಮ್ ಮಾಡುವವರೆಗೆ ಅದು ಮುಂದುವರಿದಿದೆ ಎಂದೇ ತಿಳಿಯತಕ್ಕದ್ದು ಎಂದು ಸೇರಿಸಿರುತ್ತಾರೆ. ಆರು ತಿಂಗಳು ಕಳೆದ ಕೂಡಲೇ ತಾನಾಗಿಯೇ ಕಾಯಂ ಆಗುತ್ತೇವೆ ಎಂದು ನಂಬಿ ಕೂತರೆ ಆಗುವುದಿಲ್ಲ. ಮ್ಯಾನೇಜರ್ ರಜೆಯಲ್ಲಿದ್ದರು, ಫಾರಂ ಹೋಗಲಿಲ್ಲ, ಎಚ್‌ಆರ್‌ನಲ್ಲಿ ಜನ ಬದಲಾದರು ಎಂಬ ಕಾರಣಕ್ಕೆ ಆ ಕಾಗದ ಏಪ್ರಿಲ್‌ಗೆ ಹೋದರೆ ಆ 8,640 ಕೂಡ ಇಲ್ಲ. ಯಾರೂ ಬೇಕೆಂದು ಮೋಸ ಮಾಡಿರುವುದಿಲ್ಲ, ನಷ್ಟ ಮಾತ್ರ ಆಗಿರುತ್ತದೆ. ಐದನೆಯ ತಿಂಗಳು ಮುಗಿಯುವ ಹೊತ್ತಿಗೇ ಮ್ಯಾನೇಜರಿಗೆ ಒಂದು ಇಮೇಲ್ ಹಾಕಿ ಕನ್ಫರ್ಮೇಷನ್ ನೆನಪಿಸುವುದು ಒಳ್ಳೆಯದು.

ಪ್ರೊಬೇಷನ್‌ನಲ್ಲಿ ನೋಡಬೇಕಾದ್ದು ಇನ್ನೊಂದಿದೆ. ಆ ಅವಧಿಯಲ್ಲಿ ಕಂಪನಿ ಅವಳನ್ನು 15 ದಿನದ ನೋಟಿಸ್ ಕೊಟ್ಟು ಕಳಿಸಬಹುದು ಎಂದಿರುತ್ತದೆ, ಅವಳು ಬಿಡಬೇಕಾದರೆ 90 ದಿನ ಎಂದಿರುತ್ತದೆ. ತೂಕ ಎರಡೂ ಕಡೆ ಒಂದೇ ಇದೆಯೇ ಎಂದು ನೋಡಿ. ಹೊಸಬರಿಗೆ ಕೇಳಿ ಬದಲಿಸಿಕೊಳ್ಳಲು ಸಾಧ್ಯವಿರುವ ಕೆಲವೇ ಷರತ್ತುಗಳಲ್ಲಿ ಇದೂ ಒಂದು. ಪ್ರೊಬೇಷನ್‌ನಲ್ಲಿರುವವರನ್ನು ಮೂರು ತಿಂಗಳು ಹಿಡಿದಿಟ್ಟುಕೊಂಡು ಕಂಪನಿಗೂ ಏನೂ ಆಗಬೇಕಾದ್ದಿಲ್ಲ.

ಈಗ ಬಿಡುವ ದಿನಕ್ಕೆ ಬರೋಣ. ಇಪ್ಪತ್ತು ತಿಂಗಳು ಕೆಲಸ ಮಾಡಿದ ಮೇಲೆ ಹುಡುಗಿಗೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತು. ಏಪ್ರಿಲ್ 1ಕ್ಕೆ ರಾಜೀನಾಮೆ ಕೊಟ್ಟಳು. ಹೊಸ ಕಂಪನಿಯವರು 30 ದಿನದೊಳಗೆ ಬಾ ಅನ್ನುತ್ತಿದ್ದಾರೆ, ಹಳೆಯ ಪತ್ರದಲ್ಲಿ 90 ದಿನವಿದೆ. ಅರವತ್ತು ದಿನ ಕಡಿಮೆ ಬಿತ್ತು. ಆ ಅರವತ್ತು ದಿನಕ್ಕೆ ಸಂಬಳ ಕಟ್ಟಿ ಹೋಗಬಹುದು ಎಂದು ಪತ್ರ ಹೇಳುತ್ತದೆ. ಯಾವ ಸಂಬಳ? ಬೇಸಿಕ್ ಎಂದಾದರೆ 50,000. ಗ್ರಾಸ್ ಎಂದಾದರೆ 90,000. ಸಿಟಿಸಿಯ ಲೆಕ್ಕ ಹಿಡಿದರೆ 1,20,000. ಬರೀ ಸಂಬಳ ಎಂದು ಬರೆದು ಬಿಟ್ಟಿದ್ದರೆ ಕೊನೆಯ ದಿನ ಅದರ ಅರ್ಥ ಹೇಳುವವರು ಅಕೌಂಟ್ಸ್ ವಿಭಾಗದವರು. ಸೇರುವ ಮೊದಲು ಒಂದು ಸಾಲಿನ ಇಮೇಲ್‌ನಲ್ಲಿ ಕೇಳಿದ್ದರೆ ಉತ್ತರ ಬರೆದು ಕೊಡುತ್ತಿದ್ದರು. ಆಗ ಅವರಿಗೂ ಅದು ಬರೀ ಮಾಹಿತಿ.

ಇದಕ್ಕಿಂತ ಬಿಗಿಯಾದ ಸಾಲು ಒಂದಿದೆ. ನೋಟಿಸ್ ಬದಲಿಗೆ ಹಣ ಪಡೆಯುವುದು ಬಿಡುವುದು ಕಂಪನಿಯ ವಿವೇಚನೆಗೆ ಬಿಟ್ಟದ್ದು ಎಂಬುದು. ಇದಿದ್ದರೆ ದುಡ್ಡು ಕೊಡುತ್ತೇನೆ ಎಂದರೂ ಬಿಡಲೇಬೇಕೆಂದಿಲ್ಲ. ಹಾಗೆಂದು ಯಾರನ್ನೂ ಕುರ್ಚಿಗೆ ಕಟ್ಟಿ ಕೂರಿಸಲು ಆಗದು. ಒಲ್ಲದ ನೌಕರರಿಂದ ಬಲವಂತವಾಗಿ ಕೆಲಸ ಮಾಡಿಸುವ ಆದೇಶವನ್ನು ನಮ್ಮ ಕಾನೂನಿನಲ್ಲಿ ಕೋರ್ಟು ಕೊಡುವುದಿಲ್ಲ. ಕಂಪನಿಯ ಕೈಯಲ್ಲಿರುವ ನಿಜವಾದ ಹಿಡಿತ ರಿಲೀವಿಂಗ್ ಲೆಟರ್. ಹೇಳದೆ ಕೇಳದೆ ಬಿಟ್ಟು ಹೋದರೆ ಆ ಕಾಗದ ಸಿಗದು, ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲನೆಯಲ್ಲಿ ಮೊದಲು ಕೇಳುವುದೇ ಅದನ್ನು. ನೋಟಿಸ್ ವಿಚಾರಕ್ಕೆ ಕಂಪನಿಗಳು ಕೋರ್ಟಿಗೆ ಹೋಗುವುದು ಅಪರೂಪ ಎಂದು ಧೈರ್ಯ ಹೇಳುವ ಗೆಳೆಯರು ಈ ಮಾತನ್ನು ಮಾತ್ರ ಹೇಳಿರುವುದಿಲ್ಲ.

ನೋಟಿಸ್ ಹಣವನ್ನು ಹೊಸ ಕಂಪನಿಯೇ ತುಂಬಿಕೊಡುವುದೂ ಉಂಟು. ಆಗ ಹೊಸ ಪತ್ರವನ್ನು ಇನ್ನಷ್ಟು ನಿಧಾನವಾಗಿ ಓದಬೇಕು. ಒಂದು ವರ್ಷದೊಳಗೆ ಬಿಟ್ಟರೆ ಆ ಹಣ ವಾಪಸು ಎಂಬ ಸಾಲು ಅಲ್ಲಿರುತ್ತದೆ. ಜಾಯಿನಿಂಗ್ ಬೋನಸ್‌ಗೂ ಇದೇ ನಿಯಮ. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸಂಬಳ ತೆರಿಗೆಯ ಮಿತಿ ದಾಟಿದವರಿಗೆ ಬೋನಸ್ ಬರುವುದು ತೆರಿಗೆ ಹಿಡಿದು, ವಾಪಸು ಕೇಳುವುದು ಹಿಡಿಯುವ ಮುಂಚಿನ ಪೂರ್ತಿ ಮೊತ್ತ.

ಹುಡುಗಿಯ ವಿಷಯದಲ್ಲಿ ಗ್ರಾಸ್ ಲೆಕ್ಕವೇ ನಿಂತಿತು, 90,000 ಕಟ್ಟಬೇಕಾಯಿತು ಎಂದುಕೊಳ್ಳೋಣ. ಮುಗಿದ ಹಣಕಾಸು ವರ್ಷವಿಡೀ ದುಡಿದಿದ್ದಾಳೆ, ಅದೇ ಶೇ. 72ರ ಲೆಕ್ಕದಲ್ಲಿ ಅವಳ ವೇರಿಯಬಲ್ 51,840 ಆಗುತ್ತಿತ್ತು. ಅದು ಬರುವುದು ಜೂನ್ ಸಂಬಳದ ಜೊತೆ, ಅವಳು ಹೊರಟದ್ದು ಏಪ್ರಿಲ್ 30ಕ್ಕೆ. ಹೋಯಿತು. ರಿಟೆನ್ಷನ್ ಬೋನಸ್ ವರ್ಷಕ್ಕೆ 48,000ದಂತೆ ಸಿಟಿಸಿಯಲ್ಲಿ ಎರಡೂ ವರ್ಷ ಕಾಣಿಸಿದೆ, ಆದರೆ ಕೊಡುವುದು ಇಪ್ಪತ್ನಾಲ್ಕು ತಿಂಗಳು ತುಂಬಿದ ಮೇಲೆ ಒಟ್ಟಿಗೆ. ಅವಳು ಹೊರಟಾಗ ಆಗಿದ್ದು ಇಪ್ಪತ್ತೊಂದು. 96,000 ಹೋಯಿತು.

ಇನ್ನು ಬಾಂಡ್. ತರಬೇತಿ ಮುಗಿದ ದಿನದಿಂದ ಎರಡು ವರ್ಷ, ಮಧ್ಯೆ ಬಿಟ್ಟರೆ ತರಬೇತಿಯ ವೆಚ್ಚವೆಂದು 1,50,000. ಮೊದಲ ಸಲ ಓದುವಾಗ ಎರಡು ವರ್ಷ ಎಂಬುದೊಂದೇ ಕಣ್ಣಿಗೆ ಬೀಳುತ್ತದೆ. ತರಬೇತಿ ಮೂರು ತಿಂಗಳು, ಮುಗಿದದ್ದು ಅಕ್ಟೋಬರ್ 31ಕ್ಕೆ. ಹಾಗಾಗಿ ಬಾಂಡ್ ಇಪ್ಪತ್ತನಾಲ್ಕಲ್ಲ, ಇಪ್ಪತ್ತೇಳು ತಿಂಗಳಿನದು. ಬಿಡುವಾಗ ಉಳಿದಿದ್ದು ಆರು ತಿಂಗಳು. ಪತ್ರದಲ್ಲಿ ಉಳಿದ ತಿಂಗಳಿಗೆ ತಕ್ಕಂತೆ ಎಂಬ ಒಂದು ಮಾತಿದ್ದರೆ ಅವಳು ಕಟ್ಟಬೇಕಾದದ್ದು ಇಪ್ಪತ್ನಾಲ್ಕರಲ್ಲಿ ಆರು ಪಾಲು, 37,500. ಆ ಮಾತಿಲ್ಲ, ಆದ್ದರಿಂದ ಪೂರ್ತಿ 1,50,000 ಕೇಳುತ್ತಾರೆ. ಅಲ್ಲಿಗೆ ಕೈಯಿಂದ ಕಟ್ಟಬೇಕಾದದ್ದು 2,40,000, ಹೆಚ್ಚುಕಡಿಮೆ ಆರು ತಿಂಗಳ ಕೈಸಂಬಳ. ಬರಬೇಕಾಗಿದ್ದು ಬಾರದೆ ಹೋದದ್ದು ಇನ್ನೂ 1,47,840.

ಅದೇ ಹುಡುಗಿ ನಾಲ್ಕು ತಿಂಗಳು ತಡೆದು ಆಗಸ್ಟ್ 3ಕ್ಕೆ ರಾಜೀನಾಮೆ ಕೊಟ್ಟಿದ್ದರೆ? ಜೂನ್ ಸಂಬಳದಲ್ಲಿ ವೇರಿಯಬಲ್ ಬಂದಾಗಿರುತ್ತಿತ್ತು. ಜುಲೈ 31ಕ್ಕೆ ಇಪ್ಪತ್ನಾಲ್ಕು ತಿಂಗಳು ತುಂಬಿ ರಿಟೆನ್ಷನ್ ಬೋನಸ್ ಜಮೆಯಾಗಿರುತ್ತಿತ್ತು. ಆಗಸ್ಟ್ 3ರಿಂದ 90 ದಿನ ಎಣಿಸಿದರೆ ಅಕ್ಟೋಬರ್ 31, ಬಾಂಡ್ ಮುಗಿಯುವ ದಿನವೂ ಅದೇ. ಒಂದು ರೂಪಾಯಿ ಕಟ್ಟದೆ, ಆ 1,47,840ರಲ್ಲಿ ಒಂದು ರೂಪಾಯಿ ಬಿಡದೆ ಹೊರಬರಬಹುದಿತ್ತು. ಹೊಸ ಕೆಲಸ ಅಕ್ಟೋಬರ್ ಕೊನೆಯವರೆಗೆ ಕಾಯುತ್ತಿರಲಿಲ್ಲ ಎನ್ನಬಹುದು, ನಿಜ. ಆದರೆ ಈ ದಿನಾಂಕಗಳು ಗೊತ್ತಿದ್ದವರು ಹೊಸ ಕೆಲಸ ಹುಡುಕಲು ಶುರುಮಾಡುವುದೇ ಬೇರೆ ತಿಂಗಳಲ್ಲಿ. ಅಥವಾ ಹೊಸ ಕಂಪನಿಯ ಜೊತೆ ಸಂಬಳ ಮಾತಾಡುವಾಗ ಈ 3,87,840ನ್ನು ಮೇಜಿನ ಮೇಲಿಟ್ಟು ಮಾತಾಡುತ್ತಾರೆ.

ಬಾಂಡ್ ಬರೆಸಿಕೊಂಡರೂ ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಅದನ್ನು ಈಗ ಸ್ವಲ್ಪ ತಿದ್ದಿಕೊಳ್ಳಬೇಕು, ತಿದ್ದಿದ ಪ್ರಕರಣವೂ ಕರ್ನಾಟಕದ್ದೇ. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡಿದ್ದ ವಿಜಯಾ ಬ್ಯಾಂಕ್ ಕೆಲವು ಹುದ್ದೆಗಳಿಗೆ ಮೂರು ವರ್ಷದ ಬಾಂಡ್ ಹಾಕಿತ್ತು, ಮೊದಲೇ ಬಿಟ್ಟರೆ 2 ಲಕ್ಷ ರೂಪಾಯಿ. 2007ರಲ್ಲಿ ಸೀನಿಯರ್ ಮ್ಯಾನೇಜರ್ ಆಗಿ ಸೇರಿದ ಒಬ್ಬ ಅಧಿಕಾರಿ 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು. ಪ್ರತಿಭಟನೆ ದಾಖಲಿಸಿ 2 ಲಕ್ಷ ಕಟ್ಟಿ, ಆ ಷರತ್ತಿನ ವಿರುದ್ಧ ಕರ್ನಾಟಕ ಹೈಕೋರ್ಟಿಗೆ ಹೋಗಿ ಗೆದ್ದರು. ಬ್ಯಾಂಕು ಸುಪ್ರೀಂ ಕೋರ್ಟಿಗೆ ಹೋಯಿತು. 2025ರ ಮೇ ತಿಂಗಳಲ್ಲಿ ಬಂದ ತೀರ್ಪು ಬ್ಯಾಂಕಿನ ಪರವಾಗಿತ್ತು.

ಕೋರ್ಟು ಕೊಟ್ಟ ಕಾರಣಗಳನ್ನು ತಿಳಿದುಕೊಂಡರೆ ನಿಮ್ಮ ಪತ್ರದ ಬಾಂಡ್ ಎಷ್ಟು ಗಟ್ಟಿ ಎಂದು ಅಳೆಯಬಹುದು. ಈ ಷರತ್ತು ಬೇರೆ ಕಡೆ ಕೆಲಸ ಮಾಡಬಾರದೆಂದು ತಡೆಯುವುದಿಲ್ಲ, ಒಪ್ಪಿದ ಅವಧಿಗೆ ಮುಂಚೆ ಹೋದರೆ ಪರಿಹಾರ ಕೇಳುತ್ತದೆ ಅಷ್ಟೇ ಎಂದಿತು ಕೋರ್ಟು. ಸರ್ಕಾರಿ ವಲಯದ ಬ್ಯಾಂಕು ಒಂದು ಹುದ್ದೆ ತುಂಬಲು ಜಾಹೀರಾತು ಕೊಟ್ಟು, ಎಲ್ಲರಿಗೂ ಅವಕಾಶ ಕೊಟ್ಟು, ಇಡೀ ಪ್ರಕ್ರಿಯೆ ಮತ್ತೆ ನಡೆಸಬೇಕು, ಅದಕ್ಕೆ ಖರ್ಚಿದೆ ಎಂದಿತು. ಆ ಹುದ್ದೆ ಮತ್ತು ಸಂಬಳಕ್ಕೆ 2 ಲಕ್ಷ ವಿಪರೀತವಲ್ಲ ಎಂದೂ ಹೇಳಿತು. ಇದರ ಅರ್ಥ ಎಲ್ಲ ಬಾಂಡೂ ಗಟ್ಟಿ ಎಂದಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಮೇಲಿನ ಮಿತಿ ಮಾತ್ರ, ಸಿಗುವುದು ನ್ಯಾಯವಾದ ಪರಿಹಾರ. ಒಂದು ವಾರ ವಿಡಿಯೋ ತೋರಿಸಿ ಅದನ್ನೇ ತರಬೇತಿ ಎಂದು ಕರೆದು ಒಂದೂವರೆ ಲಕ್ಷ ಕೇಳುವ ಖಾಸಗಿ ಕಂಪನಿಗೂ ಆ ಬ್ಯಾಂಕಿಗೂ ವ್ಯತ್ಯಾಸವಿದೆ. ಆ ವ್ಯತ್ಯಾಸವನ್ನು ಕೋರ್ಟಿನಲ್ಲಿ ತೋರಿಸಲು ನೀವು ಎಷ್ಟು ವರ್ಷ ಓಡಾಡಬೇಕು ಎಂಬುದು ಬೇರೆ ಪ್ರಶ್ನೆ. ಮೇಲಿನ ಪ್ರಕರಣ 2009ರಲ್ಲಿ ಶುರುವಾಗಿ 2025ರಲ್ಲಿ ಮುಗಿಯಿತು.

ಕೆಲಸ ಬಿಟ್ಟ ಮೇಲೂ ಇಷ್ಟು ವರ್ಷ ಪ್ರತಿಸ್ಪರ್ಧಿ ಕಂಪನಿಗೆ ಸೇರಬಾರದು ಎಂಬ ಷರತ್ತು ಬೇರೆಯೇ ಜಾತಿಯದು. ಅದೇ ಕಾಯ್ದೆಯ 27ನೇ ಕಲಂ ಅದಕ್ಕೆ ಅಡ್ಡ ನಿಲ್ಲುತ್ತದೆ, ಕೋರ್ಟುಗಳು ಸಾಮಾನ್ಯವಾಗಿ ಅದನ್ನು ಎತ್ತಿಹಿಡಿಯುವುದಿಲ್ಲ. ಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಕಂಡು ಹೆದರಿಸುವುದು ಅದೇ, ಸಣ್ಣ ಅಕ್ಷರದ ವೇರಿಯಬಲ್‌ನಷ್ಟು ಅದು ಕಡಿಯುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ರಾಜಿ ಹೇಳಲಾರೆ. ಅಂಕಪಟ್ಟಿ, ಪದವಿ ಪ್ರಮಾಣಪತ್ರಗಳ ಮೂಲ ಪ್ರತಿಯನ್ನು ತಮ್ಮ ಹತ್ತಿರ ಇಟ್ಟುಕೊಳ್ಳುತ್ತೇವೆ ಎನ್ನುವವರು, ತಾರೀಖು ಹಾಕದೆ ಸಹಿ ಮಾಡಿದ ಚೆಕ್ ಕೇಳುವವರು ಇನ್ನೂ ಇದ್ದಾರೆ. ಅಂಥ ಕೆಲಸಕ್ಕೆ ಸೇರಬೇಡಿ. ಬಾಂಡಿನ ಹಣಕ್ಕೆ ಕಂಪನಿ ಸಿವಿಲ್ ದಾವೆ ಹೂಡಿ ತನ್ನ ನಷ್ಟ ತೋರಿಸಬೇಕಾಗುತ್ತದೆ. ಚೆಕ್ ಕೈಯಲ್ಲಿದ್ದರೆ ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಮಾಡಿಸಿ ಕ್ರಿಮಿನಲ್ ಕೇಸು ಹಾಕುವ ದಾರಿ ತೆರೆಯುತ್ತದೆ. ಜಾಮೀನು ಅಂತ ಅಪ್ಪನ ಸಹಿ ಕೇಳಿದರೆ ಹೊಣೆ ಅವರ ಹೆಗಲಿಗೂ ಬಿತ್ತು ಎಂದೇ ತಿಳಿಯಿರಿ.

ಕೇಳಿದರೆ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ? ದೊಡ್ಡ ಕಂಪನಿಯಲ್ಲಿ ಹೊಸಬರಿಗೆ ಕನ್ಫರ್ಮ್ ಆದ ಮೇಲಿನ 90 ದಿನದ ನೋಟಿಸ್ ಬದಲಾಗದು. ಅದು ಎಲ್ಲರಿಗೂ ಒಂದೇ ನಮೂನೆ ಮೇಡಂ, ಎಂಬ ಉತ್ತರ ಸಿದ್ಧವಾಗಿರುತ್ತದೆ. ಬಾಂಡ್ ಸೇರಿದ ದಿನದಿಂದ ಎಣಿಕೆಯಾಗಲಿ, ಉಳಿದ ತಿಂಗಳಿಗೆ ತಕ್ಕಂತೆ ಕಡಿಮೆಯಾಗಲಿ ಎಂದು ಕೇಳಿದರೆ ಸಣ್ಣ, ಮಧ್ಯಮ ಕಂಪನಿಗಳು ಹಲವು ಸಲ ಒಪ್ಪುತ್ತವೆ. ಬದಲಿಸಲು ಒಪ್ಪದವರೂ ಅರ್ಥವನ್ನು ಬರೆದು ತಿಳಿಸಲು ಒಪ್ಪುತ್ತಾರೆ. ಕೇಳುವ ಧಾಟಿ ಸರಳವಾಗಿರಲಿ. ನೋಟಿಸ್ ಬದಲಿಗೆ ಕಟ್ಟುವ ಹಣ ಬೇಸಿಕ್ ಮೇಲೋ ಗ್ರಾಸ್ ಮೇಲೋ? ಬಾಂಡ್ ಮುಗಿಯುವ ದಿನಾಂಕ ಯಾವುದು? ಮೊದಲ ಹಣಕಾಸು ವರ್ಷಕ್ಕೆ ನನಗೆ ವೇರಿಯಬಲ್ ಎಷ್ಟು ತಿಂಗಳಿಗೆ ಅನ್ವಯಿಸುತ್ತದೆ? ಕಳೆದ ಎರಡು ವರ್ಷ ಶೇಕಡ ಎಷ್ಟು ಕೊಟ್ಟಿದ್ದೀರಿ? ಈ ಕೊನೆಯ ಪ್ರಶ್ನೆಗೆ ಉತ್ತರ ಬರದಿದ್ದರೆ ಅದೂ ಒಂದು ಉತ್ತರ. ಫೋನಿನಲ್ಲಿ ಹೇಳಿದ್ದನ್ನು, ನೀವು ಹೀಗೆ ತಿಳಿಸಿದಿರಿ ಎಂದು ಅವತ್ತೇ ಇಮೇಲ್ ಮಾಡಿ. ಹೇಳಿದವರು ನೀವು ಸೇರುವ ಹೊತ್ತಿಗೆ ಬೇರೆ ಕಂಪನಿಯಲ್ಲಿರಬಹುದು.

ಪತ್ರದಲ್ಲಿ ಇನ್ನೊಂದು ಸಾಲು ಪದೇ ಪದೇ ಬರುತ್ತದೆ, ಕಾಲಕಾಲಕ್ಕೆ ತಿದ್ದುಪಡಿಯಾಗುವ ಕಂಪನಿ ನೀತಿಯ ಪ್ರಕಾರ ಎಂದು. ಆ ನೀತಿ ಇರುವುದು ಕಂಪನಿಯ ಒಳಜಾಲದಲ್ಲಿ, ಸೇರಿದ ಮೇಲಷ್ಟೇ ಕಾಣುತ್ತದೆ. ರಜೆ, ವೇರಿಯಬಲ್, ನೋಟಿಸ್‌ಗೆ ಸಂಬಂಧಿಸಿದ ಪುಟಗಳನ್ನಾದರೂ ಸಹಿಗೆ ಮುಂಚೆ ಕಳಿಸಲು ಕೇಳಿ. ಸೇರಿದ ಮೊದಲ ವಾರ ನಿಮ್ಮ ಆಫರ್ ಲೆಟರ್, ಅಪಾಯಿಂಟ್‌ಮೆಂಟ್ ಲೆಟರ್, ಎಚ್‌ಆರ್ ಜೊತೆಗಿನ ಇಮೇಲ್, ಆಮೇಲೆ ಬರುವ ಕನ್ಫರ್ಮೇಷನ್ ಕಾಗದ, ಪ್ರತಿ ತಿಂಗಳ ಪೇ ಸ್ಲಿಪ್ ಎಲ್ಲವೂ ನಿಮ್ಮ ಸ್ವಂತ ಇಮೇಲ್‌ನಲ್ಲಿರಲಿ. ಆಫರ್ ಮತ್ತು ಅಪಾಯಿಂಟ್‌ಮೆಂಟ್ ಎರಡೂ ಪತ್ರದ ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಮೊದಲನೆಯದರಲ್ಲಿ ಇಲ್ಲದ ಬಾಂಡ್ ಎರಡನೆಯದರಲ್ಲಿ ಸೇರಿಕೊಂಡಿರುವುದುಂಟು. ಕೆಲಸದ ಕೊನೆಯ ದಿನ ಸಂಜೆ ಲ್ಯಾಪ್‌ಟಾಪ್ ಒಪ್ಪಿಸಬೇಕು, ಕಂಪನಿಯ ಮೇಲ್ ಮುಚ್ಚುತ್ತದೆ. ಫೈನಲ್ ಸೆಟಲ್‌ಮೆಂಟ್ ಲೆಕ್ಕ ಕೈಗೆ ಬರುವುದು ಅದಾದ ಮೇಲೆ, ಅದರಲ್ಲಿ ಏನು ಕಡಿತ ಮಾಡಿದ್ದಾರೆ ಎಂದು ಹೋಲಿಸಿ ನೋಡಲು ಆಗ ನಿಮ್ಮ ಬಳಿ ಕಾಗದ ಇರಬೇಕು.